ಸಾಧಾರಣ ಫೋನ್, ಅಳತೆಯ ಡೇಟಾ: ಯಾವ ಆನ್‌ಲೈನ್ ಆಟ ಹಾಕಿಕೊಳ್ಳುವುದು?

ನನ್ನ ತಮ್ಮನ ಫೋನ್‌ನಲ್ಲಿ 32 ಜಿಬಿ ಸ್ಟೋರೇಜ್, 3 ಜಿಬಿ ರ‍್ಯಾಮ್ ಇದೆ. ಅವನ ಪ್ಲಾನ್‌ನಲ್ಲಿ ದಿನಕ್ಕೆ 1 ಜಿಬಿ ಡೇಟಾ. ಗೆಳೆಯರೆಲ್ಲ ಒಂದು ಶೂಟಿಂಗ್ ಆಟ ಆಡುತ್ತಿದ್ದರು, ಇವನಿಗೂ ಬೇಕಾಯಿತು. ಸ್ಟೋರ್‌ನಲ್ಲಿ ಅದರ ಗಾತ್ರ 900 ಎಂಬಿ ಅಂತ ಇತ್ತು. ಒಂದು ದಿನದ ಡೇಟಾ ಹೋದರೆ ಹೋಗಲಿ ಅಂತ ಇಳಿಸಿದ. ತೆರೆದ ಕೂಡಲೇ ಅದು ಇನ್ನೂ 1.1 ಜಿಬಿ ರಿಸೋರ್ಸ್, ಅಂದರೆ ಆಟ ನಡೆಯಲು ಬೇಕಾದ ಉಳಿದ ಫೈಲುಗಳನ್ನು, ಕೇಳಿತು. ಮಾರನೇ ದಿನ ಬೆಳಗ್ಗೆ ಶುರು ಮಾಡಿದ. ಸುಮಾರು 90 ಪರ್ಸೆಂಟ್‌ಗೆ ಬಂದಾಗ ಆ ದಿನದ ಡೇಟಾ ಮುಗಿಯಿತು. ಅದರ ಮಾರನೇ ದಿನ ಆಟ ತೆರೆದರೆ ಮತ್ತೆ ಸೊನ್ನೆಯಿಂದ ಶುರು. ಹೀಗೆ ಮೂರು ದಿನ ಪ್ರಯತ್ನ ಮಾಡಿದ. ಲೆಕ್ಕ ನೋಡಿದರೆ ಅದು ಎಂದೂ ಮುಗಿಯುವಂಥದ್ದೇ ಅಲ್ಲ. ನಿಲ್ಲಿಸಿದಲ್ಲಿಂದ ಮುಂದುವರಿಯದ 1.1 ಜಿಬಿ ಡೌನ್‌ಲೋಡು ದಿನಕ್ಕೆ 1 ಜಿಬಿ ಇರುವ ಪ್ಲಾನ್‌ನಲ್ಲಿ ಹೇಗೆ ಮುಗಿಯುತ್ತದೆ? ಸುಮ್ನೆ ಮೂರು ದಿನದ ಡೇಟಾ ಹೋಯಿತು. ಒಂದು ಮ್ಯಾಚ್ ಕೂಡ ಆಡಲಿಲ್ಲ.

ಆಮೇಲೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಆಗ ಗೊತ್ತಾದ ಮುಖ್ಯ ವಿಷಯ ಇಷ್ಟು: ಆನ್‌ಲೈನ್ ಆಟ ಆಡುವಾಗ ಡೇಟಾ ಜಾಸ್ತಿ ಹೋಗುವುದಿಲ್ಲ. ಡೇಟಾ ಹೋಗುವುದು ಆಟವನ್ನು ಇಳಿಸುವಾಗ ಮತ್ತು ಅಪ್‌ಡೇಟ್ ಮಾಡುವಾಗ. ಆದ್ದರಿಂದ ಆಟ ಆರಿಸುವಾಗ ಗಂಟೆಗೆ ಎಷ್ಟು ಎಂಬಿ ಅಂತ ಕೇಳುವ ಮೊದಲು, ಅದು ಒಂದೇ ಸಲಕ್ಕೆ ಎಷ್ಟು ದೊಡ್ಡ ಗಂಟು ಇಳಿಸುತ್ತದೆ, ಎಷ್ಟು ದಿನಕ್ಕೊಮ್ಮೆ ಇಳಿಸುತ್ತದೆ ಅಂತ ಕೇಳಬೇಕು.

ಆಡುವಾಗ ಡೇಟಾ ಯಾಕೆ ಕಡಿಮೆ?

ಪರದೆಯ ಮೇಲೆ ಕಾಣುವ ಬೆಟ್ಟ, ಮನೆ, ಬಂದೂಕು, ಬಟ್ಟೆ ಎಲ್ಲವೂ ನಿಮ್ಮ ಫೋನ್‌ನಲ್ಲೇ ಇರುತ್ತವೆ. ಚಿತ್ರ ಬಿಡಿಸುವ ಕೆಲಸ ಫೋನ್‌ನದ್ದು. ಸರ್ವರ್ ಕಳಿಸುವುದು ಬರೀ ಸಣ್ಣ ಸಣ್ಣ ಸಂದೇಶ: ಯಾರು ಎಲ್ಲಿದ್ದಾರೆ, ಯಾವ ಕಡೆ ತಿರುಗಿದ್ದಾರೆ, ಯಾರಿಗೆ ಗುಂಡು ತಾಗಿತು. ಒಂದು ಸೆಕೆಂಡಿಗೆ ಇಂಥ 30 ಸಂದೇಶ, ಒಂದೊಂದು 250 ಬೈಟ್ ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ 7.5 ಕೆಬಿ ಆಯಿತು, ಗಂಟೆಗೆ 27 ಎಂಬಿ. ನಿಮ್ಮ ಫೋನ್ ವಾಪಸ್ ಕಳಿಸುವುದನ್ನೂ ಸೇರಿಸಿದರೆ 35-40 ಎಂಬಿ ಆಗಬಹುದು. ಒಂದು ಗಂಟೆ ವಿಡಿಯೊ ನೋಡಿದರೆ ಸಾಧಾರಣ ಗುಣಮಟ್ಟದಲ್ಲೂ ಕೆಲವು ನೂರು ಎಂಬಿ ಹೋಗುತ್ತದೆ. ಅದರ ಮುಂದೆ ಇದು ಏನೂ ಅಲ್ಲ.

ಇದರಿಂದ ಇನ್ನೊಂದು ಮಾತೂ ಗೊತ್ತಾಗುತ್ತದೆ. ಡೇಟಾ ಉಳಿಸಲು ಗ್ರಾಫಿಕ್ಸ್ ಕಡಿಮೆ ಮಾಡಿ ಅಂತ ತುಂಬಾ ಜನ ಹೇಳುತ್ತಾರೆ. ಗ್ರಾಫಿಕ್ಸ್ ಕಡಿಮೆ ಮಾಡಿದರೆ ಫೋನ್ ಬಿಸಿಯಾಗುವುದು ತಗ್ಗುತ್ತದೆ, ಬ್ಯಾಟರಿ ಉಳಿಯುತ್ತದೆ. ಮ್ಯಾಚ್‌ನಲ್ಲಿ ಹೋಗುವ ಡೇಟಾ ಮಾತ್ರ ಹಾಗೇ ಇರುತ್ತದೆ, ಯಾಕೆಂದರೆ ಸರ್ವರ್ ಕಳಿಸುವ ಸಂದೇಶ ಬದಲಾಗುವುದಿಲ್ಲ. ಹೆಚ್ಚು ಗುಣಮಟ್ಟದ ಚಿತ್ರಗಳಿಗೆ ಬೇರೆ ಪ್ಯಾಕ್ ಇಳಿಸಬೇಕಾದ ಆಟದಲ್ಲಿ ಆ ಪ್ಯಾಕ್ ಬಿಟ್ಟರೆ ಡೇಟಾ ಉಳಿಯುತ್ತದೆ, ಅಷ್ಟೇ.

ಆಡುವಾಗಿನ ಡೇಟಾವನ್ನು ನಿಜವಾಗಿ ಹೆಚ್ಚಿಸುವವು ಎರಡು. ಒಂದು ವಾಯ್ಸ್ ಚಾಟ್. ಮಾತಿಗೆ ಸೆಕೆಂಡಿಗೆ 32 ಕಿಲೋಬಿಟ್ ಬೇಕು ಅಂದರೆ 4 ಕೆಬಿ ಆಯಿತು. ಒಬ್ಬರು ನಿಲ್ಲಿಸದೆ ಮಾತಾಡಿದರೆ ಗಂಟೆಗೆ 14 ಎಂಬಿ. ಇನ್ನೊಂದು ಜಾಹೀರಾತು, ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪ್ರತಿ ಸುತ್ತಿನ ನಂತರ ವಿಡಿಯೊ ಜಾಹೀರಾತು ತೋರಿಸುವ ಚಿಕ್ಕ ಆಟಗಳಿವೆ. ಆಟ 60 ಎಂಬಿ ಮಾತ್ರ, ಆದರೆ ಒಂದೊಂದು ಜಾಹೀರಾತಿಗೂ ಕೆಲವು ಎಂಬಿ. ಒಂದು ಗಂಟೆಯಲ್ಲಿ ಹದಿನೈದು ಜಾಹೀರಾತು ಬಂದರೆ ದೊಡ್ಡ ಶೂಟಿಂಗ್ ಆಟಕ್ಕಿಂತ ಜಾಸ್ತಿ ಡೇಟಾ ಹೋಗಬಹುದು. ಗಾತ್ರ ಚಿಕ್ಕದು ಅಂತ ಮೋಸ ಹೋಗಬೇಡಿ.

ಇದನ್ನು ನೀವೇ ಅಳೆಯಬಹುದು. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಬಳಕೆಯ ಪುಟದಲ್ಲಿ ಒಂದೊಂದು ಆ್ಯಪ್ ಎಷ್ಟು ಬಳಸಿದೆ ಅಂತ ಕಾಣುತ್ತದೆ. ಸಂಖ್ಯೆ ಬರೆದಿಟ್ಟುಕೊಳ್ಳಿ. ವೈಫೈ ಆಫ್ ಮಾಡಿ ಮೂರು ಮ್ಯಾಚ್ ಆಡಿ, ಮತ್ತೆ ನೋಡಿ. ಒಂದೇ ಮ್ಯಾಚ್ ಆಡಿ ನೋಡಿದರೆ ಲೆಕ್ಕ ತಪ್ಪುತ್ತದೆ, ಯಾಕೆಂದರೆ ಆಟ ತೆರೆದಾಗ ಲಾಬಿಯ ಚಿತ್ರ, ಪ್ರಕಟಣೆಗಳೂ ಇಳಿಯುತ್ತವೆ.

ನಾಲ್ಕು ದಾರಿಗಳು, ಒಂದೇ ಫೋನ್

ತಮ್ಮನ ಫೋನ್‌ಗೇ ಹೋಲಿಸಿ ನೋಡೋಣ. 32 ಜಿಬಿಯಲ್ಲಿ ಸಿಸ್ಟಮ್ ಮತ್ತು ಮೊದಲೇ ಬಂದ ಆ್ಯಪ್‌ಗಳು ಸುಮಾರು 14 ಜಿಬಿ ಹಿಡಿದಿದ್ದವು. ಫೋಟೊ, ವಿಡಿಯೊ, ಚಾಟ್‌ಗಳು 9 ಜಿಬಿ. ಉಳಿದ ಆ್ಯಪ್‌ಗಳು 5 ಜಿಬಿ. ಖಾಲಿ ಇದ್ದದ್ದು 4 ಜಿಬಿ.

ಮೊದಲಿಗೆ ಕ್ಲೌಡ್ ಗೇಮಿಂಗ್. ಆಟ ಬೇರೆಲ್ಲೋ ಇರುವ ಕಂಪ್ಯೂಟರ್‌ನಲ್ಲಿ ನಡೆಯುತ್ತದೆ, ನಿಮಗೆ ಬರುವುದು ವಿಡಿಯೊ. ಸ್ಟೋರೇಜ್ ಬೇಡ, ಒಳ್ಳೆ ಪ್ರೊಸೆಸರ್ ಬೇಡ. ಸಾಧಾರಣ ಫೋನ್‌ಗೆ ಹೇಳಿ ಮಾಡಿಸಿದ ಹಾಗಿದೆ ಅನ್ನಿಸುತ್ತದೆ ಅಲ್ವಾ? ಆದರೆ ಡೇಟಾ ನೋಡಿ. ಜಿಫೋರ್ಸ್ ನೌ ಅನ್ನುವ ಕ್ಲೌಡ್ ಗೇಮಿಂಗ್ ಸೇವೆ 720ಪಿ ಗುಣಮಟ್ಟಕ್ಕೇ ಸೆಕೆಂಡಿಗೆ 15 ಮೆಗಾಬಿಟ್ ವೇಗ ಕೇಳುತ್ತದೆ. ಅಷ್ಟೇ ವೇಗದಲ್ಲಿ ಡೇಟಾ ಹರಿದರೆ 1 ಜಿಬಿ ಒಂಬತ್ತು ನಿಮಿಷದಲ್ಲಿ ಖಾಲಿ. ಮಿತಿ ಇಲ್ಲದ ವೈಫೈ ಇಲ್ಲದವರು ಈ ದಾರಿಯನ್ನು ಇಲ್ಲೇ ಬಿಡಬಹುದು.

ಎರಡನೆಯದು ದೊಡ್ಡ ಶೂಟಿಂಗ್ ಆಟ, ತಮ್ಮ ಆಸೆಪಟ್ಟದ್ದು. ಆ್ಯಪ್ 900 ಎಂಬಿ, ರಿಸೋರ್ಸ್ 1.1 ಜಿಬಿ, ಆಮೇಲೆ ಒಂದು ಮ್ಯಾಪ್ 300 ಎಂಬಿ. ಒಟ್ಟು 2.3 ಜಿಬಿ. ಖಾಲಿ ಉಳಿಯುವುದು 1.7. ತಿಂಗಳಿಗೊಮ್ಮೆ 600 ಎಂಬಿ ಅಪ್‌ಡೇಟ್ ಬರುತ್ತದೆ ಅಂತ ಇಟ್ಟುಕೊಳ್ಳಿ. ದಿನಕ್ಕೊಂದು ಗಂಟೆ ಆಡಿದರೆ ತಿಂಗಳಿಗೆ 1.2 ಜಿಬಿ. ಮೊದಲ ತಿಂಗಳು ಎಲ್ಲಾ ಸೇರಿ 4.1 ಜಿಬಿ, ಆಮೇಲೆ ತಿಂಗಳಿಗೆ 1.8 ಜಿಬಿ. ತಿಂಗಳಿಗೆ 30 ಜಿಬಿ ಸಿಗುವ ಪ್ಲಾನ್‌ನಲ್ಲಿ ಇದು ದೊಡ್ಡ ಮೊತ್ತವೇ ಅಲ್ಲ. ತೊಂದರೆ ಇರುವುದು ಆ ಒಂದೇ ಗಂಟು 1.1 ಜಿಬಿಯಲ್ಲಿ ಮತ್ತು ಅಪ್‌ಡೇಟ್ ಬಂದ ದಿನ 1.7 ಜಿಬಿ ಸಾಕಾಗುತ್ತದೋ ಇಲ್ಲವೋ ಅನ್ನುವುದರಲ್ಲಿ.

ಮೂರನೆಯದು ಚಿಕ್ಕ ಮ್ಯಾಚ್‌ನ ಆಟ. ಕ್ಲ್ಯಾಶ್ ರಾಯಲ್ ಇದಕ್ಕೆ ಒಳ್ಳೆ ಉದಾಹರಣೆ. ಅದರ ಮಾಮೂಲಿ ಮ್ಯಾಚ್ 3 ನಿಮಿಷದ್ದು, ಸಮ ಆದರೆ ಹೆಚ್ಚುವರಿ ಸಮಯ. ಈ ಜಾತಿಯ ಆಟಗಳಲ್ಲಿ ಒಂದೇ ಚಿಕ್ಕ ಅಂಗಳ, ಕಡಿಮೆ ಆಟಗಾರರು. ಹಾಗಾಗಿ ಇಳಿಸುವುದೂ ಕಡಿಮೆ, ಆಡುವಾಗಿನ ಸಂದೇಶಗಳೂ ಕಡಿಮೆ. ಎಲ್ಲಾ ಸೇರಿ 600 ಎಂಬಿ, ಅಪ್‌ಡೇಟ್ 150 ಎಂಬಿ ಅಂತ ಹಿಡಿದರೆ ತಮ್ಮನ ಫೋನ್‌ನಲ್ಲಿ 3.4 ಜಿಬಿ ಖಾಲಿ ಉಳಿಯುತ್ತದೆ. ಸಿಗ್ನಲ್ ಹೋದರೂ ಹಾಳಾಗುವುದು ಮೂರು ನಿಮಿಷ, ಅರ್ಧ ಗಂಟೆಯ ಮ್ಯಾಚ್ ಅಲ್ಲ. ಸಿಗ್ನಲ್ ಬಂದು ಹೋಗುವ ಕಡೆ ಇರುವವರಿಗೆ ಇದೇ ದೊಡ್ಡ ಲಾಭ ಅಂತ ನನ್ನ ಅನಿಸಿಕೆ.

ನಾಲ್ಕನೆಯದು ಸರದಿಯ ಆಟ. ಚೆಸ್, ಪದಗಳ ಆಟ, ಇಸ್ಪೀಟು ಇಂಥವು. ಲಿಚೆಸ್ ಪೂರ್ತಿ ಉಚಿತ, ಜಾಹೀರಾತು ಇಲ್ಲ, ಬ್ರೌಸರ್‌ನಲ್ಲೇ lichess.org ತೆರೆದು ಆಡಬಹುದು. ಒಂದು ನಡೆ ಅಂದರೆ ಕೆಲವೇ ಬೈಟ್. ದಿನದ ಡೇಟಾ ಮುಗಿದ ಮೇಲೆ ಕೆಲವು ಪ್ಲಾನ್‌ಗಳು 64 ಕೆಬಿಪಿಎಸ್ ವೇಗ ಬಿಡುತ್ತವಲ್ಲ, ಅದು ಸೆಕೆಂಡಿಗೆ 8 ಕೆಬಿ ಮಾತ್ರ. ಶೂಟಿಂಗ್ ಆಟಕ್ಕೆ 7.5 ಕೆಬಿ ಬೇಕು ಅಂತ ಮೇಲೆ ನೋಡಿದೆವು. ಹಿನ್ನೆಲೆಯಲ್ಲಿ ಒಂದು ಚಾಟ್ ಸಂದೇಶ ಬಂದರೂ ಆಟ ನಿಂತುಬಿಡುತ್ತದೆ. ಚೆಸ್ ಮಾತ್ರ ಆ ವೇಗದಲ್ಲೂ ನೆಮ್ಮದಿಯಾಗಿ ನಡೆಯುತ್ತದೆ. ಪುಟ ತೆರೆಯಲು ಸ್ವಲ್ಪ ಕಾಯಬೇಕು, ಅಷ್ಟೇ.

ದಿನಕ್ಕೆ ಇಷ್ಟು ಅಂತ ಮಿತಿ ಇದ್ದರೆ ಒಂದೇ ಸಲ ಇಳಿಯುವ ದೊಡ್ಡ ಗಂಟಿಗೆ ಹೆದರಬೇಕು. ತಿಂಗಳಿಗೆಲ್ಲ ಸೇರಿ 3 ಅಥವಾ 4 ಜಿಬಿ ಕೊಡುವ ಪ್ಲಾನ್ ಆದರೆ ಹೆದರಬೇಕಾದದ್ದು ಮೊತ್ತಕ್ಕೆ. ಅಂಥ ಪ್ಲಾನ್‌ನಲ್ಲಿ ಎರಡನೇ ದಾರಿ ಹಿಡಿದರೆ ಮೊದಲ ತಿಂಗಳೇ ಎಲ್ಲಾ ಖಾಲಿ. ಡೌನ್‌ಲೋಡನ್ನು ಬೇರೆ ಕಡೆಯ ವೈಫೈನಲ್ಲಿ ಮಾಡಿಕೊಂಡರೆ ಆಡಲು ಬೇಕಾದ 1.2 ಜಿಬಿ ಮಾತ್ರ ಹೋಗುತ್ತದೆ, ಅದು ಸಾಧ್ಯ.

ಇಳಿಸುವ ಮೊದಲು ಐದು ನಿಮಿಷ

ಸ್ಟೋರ್‌ನಲ್ಲಿ ಕಾಣುವ ಗಾತ್ರ ಪೂರ್ತಿ ಗಾತ್ರವಲ್ಲ. ಎಷ್ಟೋ ದೊಡ್ಡ ಆಟಗಳು ಆ್ಯಪ್ ಅನ್ನು ಚಿಕ್ಕದಾಗಿ ಇಟ್ಟು, ಉಳಿದದ್ದನ್ನು ತೆರೆದ ಮೇಲೆ ಇಳಿಸುತ್ತವೆ. ನಿಜವಾದ ಗಾತ್ರ ತಿಳಿಯಲು ಸುಲಭ ದಾರಿ ಇದೆ. ಆಗಲೇ ಆ ಆಟ ಆಡುತ್ತಿರುವ ಗೆಳೆಯರ ಫೋನ್‌ನಲ್ಲಿ ಸೆಟ್ಟಿಂಗ್ಸ್ ತೆರೆದು, ಆ್ಯಪ್‌ಗಳ ಪಟ್ಟಿಯಲ್ಲಿ ಆ ಆಟದ ಸ್ಟೋರೇಜ್ ನೋಡಿ. ಅಲ್ಲಿ ಮೂರು ಸಂಖ್ಯೆ ಇರುತ್ತವೆ: ಆ್ಯಪ್, ಡೇಟಾ, ಕ್ಯಾಶ್. ರಿಸೋರ್ಸ್ ಮತ್ತು ಮ್ಯಾಪ್‌ಗಳು ಸಾಮಾನ್ಯವಾಗಿ ಡೇಟಾದ ಲೆಕ್ಕಕ್ಕೆ ಸೇರುತ್ತವೆ. ಆ ಎರಡನೇ ಸಂಖ್ಯೆಯೇ ಸ್ಟೋರ್ ಹೇಳದೆ ಬಿಟ್ಟ ಭಾಗ.

ಎರಡನೇ ಪರೀಕ್ಷೆ ತಮ್ಮನ ಕಥೆಯಿಂದ ಕಲಿತದ್ದು. ಆಟದೊಳಗಿನ ಡೌನ್‌ಲೋಡ್ ಶುರುವಾಗಿ 5 ಪರ್ಸೆಂಟ್ ಆದಾಗ ಏರೋಪ್ಲೇನ್ ಮೋಡ್ ಹಾಕಿ. ಆಟವನ್ನು ಪೂರ್ತಿ ಮುಚ್ಚಿ. ಒಂದು ನಿಮಿಷ ಬಿಟ್ಟು ನೆಟ್ ಆನ್ ಮಾಡಿ ಮತ್ತೆ ತೆರೆಯಿರಿ. 5ರಿಂದ ಮುಂದುವರಿದರೆ ಎರಡು ಮೂರು ದಿನಕ್ಕೆ ಹಂಚಿ ಇಳಿಸಬಹುದು. ಸೊನ್ನೆಯಿಂದ ಶುರುವಾದರೆ ನಿಲ್ಲಿಸಿಬಿಡಿ. ಅದನ್ನು ವೈಫೈನಲ್ಲಿ ಒಂದೇ ಸಲಕ್ಕೆ ಮುಗಿಸಬೇಕು. ಈ ಪರೀಕ್ಷೆಗೆ ಐವತ್ತು ಅರವತ್ತು ಎಂಬಿ ಹೋಗುತ್ತದೆ, ಉಳಿಯುವುದು ಜಿಬಿಗಟ್ಟಲೆ.

ಬೇರೆಯವರ ಹಾಟ್‌ಸ್ಪಾಟ್ ಬಗ್ಗೆ ಒಂದು ಎಚ್ಚರಿಕೆ. ಹಾಟ್‌ಸ್ಪಾಟ್‌ಗೆ ಸೇರಿದಾಗ ಆಟ ಅದನ್ನು ವೈಫೈ ಅಂತಲೇ ತಿಳಿದು, ವೈಫೈಗಾಗಿ ಕಾಯುತ್ತಿದ್ದ ಅಪ್‌ಡೇಟ್ ಶುರು ಮಾಡಬಹುದು. ಕೊಟ್ಟವರ ಡೇಟಾ ಖಾಲಿಯಾಗುತ್ತದೆ. ಆ ವೈಫೈನ ವಿವರದ ಪುಟದಲ್ಲಿ Treat as metered ಅನ್ನುವ ಆಯ್ಕೆ ಸಿಗುತ್ತದೆ, ಅದನ್ನು ಹಾಕಿಕೊಳ್ಳಿ. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ Auto-update apps ಅನ್ನುವುದನ್ನು Over Wi-Fi only ಅಂತ ಇಡಿ. ಆದರೆ ಇದು ಪ್ಲೇ ಸ್ಟೋರ್‌ಗೆ ಮಾತ್ರ ಅನ್ವಯ. ಆಟದೊಳಗಿನ ಡೌನ್‌ಲೋಡ್‌ಗೆ ಆಟದ ಸೆಟ್ಟಿಂಗ್ಸ್‌ನಲ್ಲೇ ಬೇರೆ ಬಟನ್ ಇರುತ್ತದೆ, ಅದನ್ನೂ ಹುಡುಕಿ ಆಫ್ ಮಾಡಿ.

ಲೈಟ್ ಆವೃತ್ತಿ, ಮಾಡ್ ಆವೃತ್ತಿ ಅಂತ ಎಲ್ಲೆಲ್ಲೋ ಸಿಗುವ ಎಪಿಕೆಗಳನ್ನು ಹಾಕಬೇಡಿ. ಅದರೊಳಗೆ ಏನಿದೆ ಅಂತ ನಿಮಗೆ ಗೊತ್ತಿರುವುದಿಲ್ಲ, ಖಾತೆಯೂ ಬ್ಯಾನ್ ಆಗಬಹುದು. ಆಟ ಮಾಡಿದವರೇ ಲೈಟ್ ಆವೃತ್ತಿ ಬಿಟ್ಟಿದ್ದರೆ ಅದು ಒಳ್ಳೆಯದೇ. ಆದರೆ ಅದರಲ್ಲಿ ಆಡುವವರು ದೊಡ್ಡ ಆವೃತ್ತಿಯ ಗೆಳೆಯರ ಜೊತೆ ಸೇರಬಹುದೋ ಇಲ್ಲವೋ ಅಂತ ಮೊದಲೇ ಕೇಳಿ.

ಜಾಗದ ಲೆಕ್ಕ

ಅಪ್‌ಡೇಟ್ ಬಂದ ದಿನ ಜಾಗ ಸಾಲುವುದಿಲ್ಲ ಅಂತ ಯಾಕೆ ಬರುತ್ತದೆ? 600 ಎಂಬಿ ಅಪ್‌ಡೇಟ್‌ಗೆ 600 ಎಂಬಿ ಜಾಗ ಸಾಕು ಅಂದುಕೊಳ್ಳುತ್ತೇವೆ. ಆಟ ಮೊದಲು ಒತ್ತಿದ ಗಂಟನ್ನು ಇಳಿಸುತ್ತದೆ, ಆಮೇಲೆ ಅದನ್ನು ಬಿಚ್ಚುತ್ತದೆ. ಬಿಚ್ಚಿ ಮುಗಿಯುವ ತನಕ ಗಂಟೂ ಇರುತ್ತದೆ, ಬಿಚ್ಚಿದ್ದೂ ಇರುತ್ತದೆ. ಹಾಗಾಗಿ 600 ಎಂಬಿಗೆ 1.2 ಜಿಬಿ ಅಥವಾ ಅದಕ್ಕಿಂತ ಜಾಸ್ತಿ ಬೇಕು. ತಮ್ಮನ 1.7 ಜಿಬಿಯಲ್ಲಿ ಇದು ಹೇಗೋ ಹಿಡಿಸುತ್ತದೆ. ಆದರೆ ಒಂದು ವಾರ ಫೋಟೊ, ವಿಡಿಯೊ ಬಂದರೆ ಆ ಜಾಗವೂ ಇರುವುದಿಲ್ಲ. ಆಟ ಹಾಕಿದ ಮೇಲೂ ಕನಿಷ್ಠ 3 ಜಿಬಿ ಖಾಲಿ ಇರಲಿ ಅನ್ನುವುದು ನಾನು ಇಟ್ಟುಕೊಂಡ ಅಳತೆ. ಸ್ಟೋರೇಜ್ ತುಂಬಿ ತುಳುಕುವಾಗ ಬರೆಯುವ ಕೆಲಸ ನಿಧಾನವಾಗಿ ಆಟ ತಡವರಿಸುವುದೂ ಉಂಟು.

ಜಾಗ ಮಾಡಿಕೊಳ್ಳಲು ಮೆಮೊರಿ ಕಾರ್ಡ್ ಇದ್ದರೆ ಫೋಟೊ, ವಿಡಿಯೊಗಳನ್ನು ಕಾರ್ಡಿಗೆ ಕಳಿಸಿ, ಫೋನ್‌ನ ಒಳಗಿನ ಜಾಗವನ್ನು ಆಟಕ್ಕೆ ಬಿಡಿ. ಇದನ್ನು ತಿರುಗಿಸಿ ಮಾಡಬೇಡಿ. ಆಟ ಸಾವಿರಾರು ಸಣ್ಣ ತುಣುಕುಗಳನ್ನು ಅಲ್ಲಿಂದ ಇಲ್ಲಿಂದ ಓದುತ್ತಿರುತ್ತದೆ, ಆ ಕೆಲಸದಲ್ಲಿ ಸಾಮಾನ್ಯ ಕಾರ್ಡ್ ತುಂಬಾ ನಿಧಾನ. ಫೋಟೊ ತೆರೆಯುವುದು ಅರ್ಧ ಸೆಕೆಂಡ್ ತಡವಾದರೆ ಏನೂ ಆಗುವುದಿಲ್ಲ. ಬೇರೆ ದಾರಿಯೇ ಇಲ್ಲದೆ ಆಟವನ್ನು ಕಾರ್ಡಿಗೆ ಹಾಕಲೇಬೇಕಾದರೆ ಕಾರ್ಡಿನ ಮೇಲೆ A1 ಅಥವಾ A2 ಅಂತ ಅಚ್ಚಾಗಿದೆಯಾ ನೋಡಿ. A1 ಅಂದರೆ ಸೆಕೆಂಡಿಗೆ ಕನಿಷ್ಠ 1500 ಇಂಥ ಸಣ್ಣ ಓದುಗಳನ್ನು ಮಾಡಬಲ್ಲದು ಅಂತ. ಕೆಲವು ಫೋನ್‌ಗಳಲ್ಲಿ ಆ್ಯಪ್ ಅನ್ನು ಕಾರ್ಡಿಗೆ ಸರಿಸಲು ಬರುವುದೇ ಇಲ್ಲ.

ಆಟದ ಕ್ಯಾಶ್ ಅಳಿಸುವುದು ಸುರಕ್ಷಿತ, ಆದರೆ ಉಳಿಯುವುದು ಸ್ವಲ್ಪವೇ. ಅದರ ಪಕ್ಕದಲ್ಲೇ Clear storage ಅಥವಾ Clear data ಅಂತ ಇನ್ನೊಂದು ಬಟನ್ ಇರುತ್ತದೆ. ಅದನ್ನು ಒತ್ತಿದರೆ ಇಳಿಸಿದ ರಿಸೋರ್ಸ್ ಎಲ್ಲಾ ಹೋಗುತ್ತದೆ, ಮತ್ತೆ ಜಿಬಿಗಟ್ಟಲೆ ಇಳಿಸಬೇಕು. ಅದಕ್ಕಿಂತ ಕೆಟ್ಟದ್ದು, ಗೆಸ್ಟ್ ಖಾತೆಯಲ್ಲಿ ಆಡುತ್ತಿದ್ದರೆ ತಿಂಗಳುಗಟ್ಟಲೆ ಆಡಿ ಗಳಿಸಿದ್ದೂ ಹೋಗಬಹುದು. ಮೊದಲ ದಿನವೇ ಆಟವನ್ನು ಇಮೇಲ್ ಅಥವಾ ಗೂಗಲ್ ಖಾತೆಗೆ ಜೋಡಿಸಿ. ಪ್ಲೇ ಸ್ಟೋರ್‌ನಲ್ಲಿ ಆ್ಯಪ್ ಅನ್ನು ಆರ್ಕೈವ್ ಮಾಡುವ ಅನುಕೂಲವೂ ಇದೆ. ಅದು ಆ್ಯಪ್ ತೆಗೆದು ನಿಮ್ಮ ಡೇಟಾ ಉಳಿಸುತ್ತದೆ. ಅಂದರೆ ಡೇಟಾ ಭಾಗವೇ ದೊಡ್ಡದಿರುವ ಆಟಕ್ಕೆ ಆರ್ಕೈವ್ ಮಾಡಿದರೆ ಜಾಗ ಅಷ್ಟೇನೂ ಸಿಗುವುದಿಲ್ಲ. ಅಂಥ ಆಟದೊಳಗೇ ಹೋಗಿ ಆಡದ ಮ್ಯಾಪ್‌ಗಳನ್ನು ಅಳಿಸುವುದು ಮೇಲು.

ತಡವರಿಸಿದರೆ ತಪ್ಪು ಯಾರದು?

ಆಟ ಹಾಕಿಕೊಂಡ ಮೇಲೆ ಲ್ಯಾಗ್ ಬರುತ್ತದೆ. ಜಾಸ್ತಿ ಡೇಟಾ ಇರುವ ಪ್ಲಾನ್ ಹಾಕಿಸಬೇಕೇನೋ ಅನ್ನಿಸುತ್ತದೆ. ಮೊದಲು ಪರದೆಯ ಮೂಲೆಯಲ್ಲಿ ಪಿಂಗ್ ತೋರಿಸುವ ಸಂಖ್ಯೆ ನೋಡಿ. ಪಿಂಗ್ ಅಂದರೆ ಸಂದೇಶ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಸಮಯ, ಕಡಿಮೆ ಇದ್ದಷ್ಟೂ ಒಳ್ಳೆಯದು. ಪಿಂಗ್ ಚೆನ್ನಾಗಿದ್ದೂ ಚಿತ್ರ ತುಂಡು ತುಂಡಾಗಿ ಓಡಿದರೆ ಅದು ಫೋನ್‌ನ ಕಷ್ಟ. ಹತ್ತು ಹದಿನೈದು ನಿಮಿಷ ಚೆನ್ನಾಗಿ ಆಡಿ ಆಮೇಲೆ ಶುರುವಾದರೆ ಬಿಸಿಯಿಂದ ಪ್ರೊಸೆಸರ್ ತನ್ನ ವೇಗ ತಗ್ಗಿಸಿಕೊಂಡಿದೆ. ಗ್ರಾಫಿಕ್ಸ್ ಇಳಿಸಿ, ಚಾರ್ಜ್ ಹಾಕಿಕೊಂಡು ಆಡಬೇಡಿ. ಚಿತ್ರ ನುಣುಪಾಗಿದ್ದು ಎದುರಾಳಿಗಳು ಮಾತ್ರ ಇಲ್ಲಿಂದ ಅಲ್ಲಿಗೆ ನೆಗೆದರೆ ಅದು ನೆಟ್‌ನ ತೊಂದರೆ. ಅದಕ್ಕೂ ಹೆಚ್ಚು ಡೇಟಾ ಮದ್ದಲ್ಲ. ಹಿಂದೆ ಯಾವುದೋ ಆ್ಯಪ್ ಫೋಟೊ ಬ್ಯಾಕಪ್ ಮಾಡುತ್ತಿದ್ದರೆ ಪಿಂಗ್ ಏರುತ್ತದೆ. ಆಡುವಾಗ ಡೇಟಾ ಸೇವರ್ ಆನ್ ಮಾಡಿದರೆ ಹಿನ್ನೆಲೆಯ ಈ ಓಡಾಟ ನಿಲ್ಲುತ್ತದೆ.

ಮೂರನೇ ಲಕ್ಷಣ ರ‍್ಯಾಮ್‌ನದ್ದು. ಒಂದು ಮೆಸೇಜ್ ನೋಡಿ ವಾಪಸ್ ಬಂದಾಗ ಆಟ ಲೋಗೋದಿಂದ ಶುರುವಾದರೆ ರ‍್ಯಾಮ್ ಸಾಲದೆ ಸಿಸ್ಟಮ್ ಅದನ್ನು ಮುಚ್ಚಿದೆ ಅಂತ ಅರ್ಥ. 3 ಜಿಬಿ ಫೋನ್‌ನಲ್ಲಿ ದೊಡ್ಡ ಆಟಕ್ಕೆ ಇದು ಮಾಮೂಲು. ಇದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಪರಿಹಾರ ಇಲ್ಲ, ಮ್ಯಾಚ್ ಮುಗಿಯುವ ತನಕ ಹೊರಗೆ ಹೋಗದಿರುವುದೊಂದೇ ದಾರಿ. ಮೂರು ನಿಮಿಷದ ಆಟದಲ್ಲಿ ಅದು ಸುಲಭ.

ತಮ್ಮ ಕೊನೆಗೆ ಚಿಕ್ಕ ಮ್ಯಾಚ್‌ನ ಆಟ ಹಾಕಿಕೊಂಡ. ಗೆಳೆಯರಲ್ಲಿ ಇಬ್ಬರು ಅದಕ್ಕೂ ಬಂದರು. ಡೇಟಾ ಮುಗಿದ ರಾತ್ರಿಗಳಲ್ಲಿ ಬ್ರೌಸರ್‌ನಲ್ಲಿ ಚೆಸ್ ಆಡುತ್ತಾನೆ. ಆ ಶೂಟಿಂಗ್ ಆಟದ ಆಸೆ ಇನ್ನೂ ಇದೆ. ವಿಡಿಯೊಗಳನ್ನೆಲ್ಲ ಕಾರ್ಡಿಗೆ ಸರಿಸಿ ಈಗ 7 ಜಿಬಿ ಖಾಲಿ ಮಾಡಿಕೊಂಡಿದ್ದಾನೆ. ಮುಂದಿನ ಸಲ ನನ್ನ ಮನೆಗೆ ಬಂದಾಗ ವೈಫೈನಲ್ಲಿ ಒಂದೇ ಸಲಕ್ಕೆ ಇಳಿಸಿಕೊಳ್ಳುತ್ತಾನಂತೆ, ಒಂದೇ ಮ್ಯಾಪ್ ಜೊತೆ.